ಅರ್ಧ ಮೀಟರ್ ಮೇಲಿನ ಗೆರೆ

ಗುಂಡಿಯ ಗೋಡೆಯ ಮೇಲೆ ತಾನು ಹಾಕಿದ್ದ ಗೆರೆಯನ್ನು ಹೊಸ ಎಂಜಿನಿಯರ್ ನಾಲ್ಕು ಜನರ ಮುಂದೆ ಅಳಿಸಿದ್ದನ್ನು ಮೇಸ್ತ್ರಿ ಇವತ್ತಿಗೂ ಮರೆತಿಲ್ಲ. ಬೈದಿದ್ದರೆ ತಿರುಗಿ ಬೈದು, ಸಂಜೆ ಒಟ್ಟಿಗೆ ಟೀ ಕುಡಿದು ಮುಗಿಸುತ್ತಿದ್ದ. ಆದರೆ ಆ ಎಂಜಿನಿಯರ್ ಒಂದು ಬಟ್ಟೆಚೂರಿಗೆ ಬಣ್ಣ ಕರಗಿಸುವ ಥಿನ್ನರ್ ಸುರಿದುಕೊಂಡು, ಮಕ್ಕಳು ಸ್ಲೇಟು ಒರೆಸುವಂತೆ ಗೋಡೆ ಒರೆಸಿದ. ಒರೆಸುತ್ತಲೇ, "ನಾಲ್ಕಕ್ಷರ ಓದಿದ್ರೆ ಲೆವೆಲ್ ಅಂದ್ರೇನು ಅಂತ ಗೊತ್ತಾಗ್ತಿತ್ತು" ಅಂದ. ಕಬ್ಬಿಣದ ಕೆಲಸದವರು ಇಬ್ಬರು, ಪಂಪಿನವನು, ಲಾರಿ ಚೀಟಿ ಬರೆಯುವವನು, ಇಷ್ಟೂ ಜನ ಕೇಳಿಸಿಕೊಂಡರು. ಪಂಪಿನವನು ನಕ್ಕ ಕೂಡ.

ಮೇಸ್ತ್ರಿ ಓದಿದ್ದು ನಾಲ್ಕನೇ ಕ್ಲಾಸು. ಅದು ಸುಳ್ಳಲ್ಲ. ಅದಕ್ಕೇ ಉರಿಯಿತು.

ಹದಿನಾರನೇ ವಯಸ್ಸಿಗೆ ತಲೆಮೇಲೆ ಮಣ್ಣಿನ ಬಾಂಡಲಿ ಹೊತ್ತು ಗುಂಡಿಗೆ ಇಳಿದವನು ಅವನು. ಮೂವತ್ತು ವರ್ಷದಲ್ಲಿ ಎಷ್ಟು ಕಟ್ಟಡಗಳ ನೆಲಮಾಳಿಗೆ ತೋಡಿಸಿದ್ದನೋ ಅವನಿಗೇ ಲೆಕ್ಕವಿಲ್ಲ. ಮೇಲೆ ಎದ್ದ ಕಟ್ಟಡಗಳನ್ನು ಜನ ನೋಡುತ್ತಾರೆ, ಕೆಳಗಿನ ತಗ್ಗನ್ನು ಯಾರು ನೋಡುತ್ತಾರೆ? ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೆಲ್ಮೆಟ್ಟನ್ನು ಎಷ್ಟು ಸಲ ನೆಲಕ್ಕೆ ಎಸೆದಿದ್ದನೆಂದರೆ, ಸ್ಟೋರಿನವನು ಅವನಿಗೆ ಹೊಸದು ಕೊಡುವುದನ್ನೇ ನಿಲ್ಲಿಸಿದ್ದ. ಆದರೂ ಆಳವಾದ ಗುಂಡಿ ಅಂದರೆ ಕಂಪನಿಗೆ ಅವನೇ ಬೇಕು. ಮಣ್ಣನ್ನು ಬೆರಳಲ್ಲಿ ಹಿಸುಕಿ, ನಾಳೆ ನೀರು ಬರುತ್ತದೋ ಇಲ್ಲವೋ ಹೇಳಬಲ್ಲವನು. ಅಗೆತದ ಗುರುತನ್ನು ಬೇರೆ ಯಾರಿಗೂ ಹಾಕಲು ಬಿಡದೆ ತಾನೇ ಹಾಕುತ್ತಿದ್ದುದರಿಂದ ಎಲ್ಲರೂ ಅವನನ್ನು ಗೆರೆ ಮೇಸ್ತ್ರಿ ಎನ್ನುತ್ತಿದ್ದರು.

ಆ ಗೆರೆಯಲ್ಲಿ ಒಂದು ಗುಟ್ಟಿತ್ತು.

ಆಳದ ಗುಂಡಿಯನ್ನು ಒಂದೇ ಸಲಕ್ಕೆ ತೋಡುವಂತಿಲ್ಲ. ಮೊದಲು ಸುತ್ತಲೂ ನೆಲದೊಳಗೆ ಕಾಂಕ್ರೀಟ್ ಕಂಬಗಳನ್ನು ಒತ್ತೊತ್ತಾಗಿ ಇಳಿಸಿ ಗೋಡೆ ಮಾಡಬೇಕು. ಆಮೇಲೆ ಒಂದಷ್ಟು ಆಳ ತೋಡಿ ನಿಲ್ಲಿಸಿ, ಈ ಗೋಡೆಯಿಂದ ಆ ಗೋಡೆಗೆ ಉಕ್ಕಿನ ಅಡ್ಡತೊಲೆ ಕೊಟ್ಟು ಬಿಗಿಯಬೇಕು. ಆಮೇಲಷ್ಟೇ ಮುಂದಿನ ಆಳ. ತೊಲೆ ಕೂರುವ ಮೊದಲೇ ಹೆಚ್ಚು ತೋಡಿದರೆ ಹಿಂದಿನ ಮಣ್ಣು ಗೋಡೆಯನ್ನು ಒಳಕ್ಕೆ ನೂಕುತ್ತದೆ. ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯಲು ಗೋಡೆಯ ಮೇಲೆ ಬಿಳಿ ಬಣ್ಣದ ಗೆರೆ ಹಾಕುತ್ತಾರೆ. ಗೆರೆಯಿಂದ ಎರಡು ಮೀಟರ್ ಕೆಳಗೆ ತಳ, ಅಷ್ಟೇ.

ಆದರೆ ಯಂತ್ರದ ಮೇಲೆ ಕೂತವನ ಕೈ ನಿಲ್ಲುವುದಿಲ್ಲ. ಇನ್ನೊಂದು ಬಕೆಟ್, ಇನ್ನೊಂದು ಬಕೆಟ್ ಅಂತ ಕೆಳಗೆ ಹೋಗಿಬಿಡುತ್ತಾನೆ. ಹಿಂದೊಮ್ಮೆ ಹಾಗಾಗಿ ಒಂದು ಗೋಡೆ ವಾಲಿದ್ದನ್ನು ಮೇಸ್ತ್ರಿ ಕಣ್ಣಾರೆ ಕಂಡಿದ್ದ. ಅಂದಿನಿಂದ ಅವನು ಗೆರೆಯನ್ನು ಅರ್ಧ ಮೀಟರ್ ಮೇಲಕ್ಕೆ ಹಾಕತೊಡಗಿದ. ಅವರು ಎಷ್ಟೇ ಮೀರಿದರೂ ಸರಿಯಾದ ಜಾಗಕ್ಕೆ ಬಂದು ನಿಲ್ಲಲಿ ಎಂದು.

ಈ ಗುಟ್ಟು ಗೊತ್ತಿದ್ದದ್ದು ಒಬ್ಬನಿಗೆ, ಅಗೆಯುವ ಯಂತ್ರದ ಆಪರೇಟರ್‌ಗೆ. ಅವನನ್ನು ಎಲ್ಲರೂ ಚಮಚ ಎನ್ನುತ್ತಿದ್ದರು. ಚಮಚೆಗಿರಿ ಮಾಡುತ್ತಾನೆಂದಲ್ಲ, ಆ ದೊಡ್ಡ ಬಕೆಟ್ಟನ್ನು ಊಟದ ಚಮಚದ ಹಾಗೆ ಆಡಿಸುತ್ತಾನೆಂದು. ಅವನು ಬಾಡಿಗೆ ಯಂತ್ರದ ಜೊತೆ ಬಂದವನು, ಕಂಪನಿಯ ನೌಕರನಲ್ಲ. ಮೇಲಾಗಿ ಮೇಸ್ತ್ರಿಯ ಹೆಂಡತಿಯ ಒಡಹುಟ್ಟಿದ ತಮ್ಮ. ಚಮಚನ ಕೈ ಬೇರೆಯವರ ಕೈಯಂತಲ್ಲ. ಹೇಳಿದಲ್ಲಿ ನಿಲ್ಲುತ್ತದೆ. ಹಾಗಾಗಿ ಅವನು ಮೇಸ್ತ್ರಿಯ ಗೆರೆಯಿಂದ ಎರಡಲ್ಲ, ಎರಡೂವರೆ ಮೀಟರ್ ಅಳೆದು ತೋಡುತ್ತಿದ್ದ. ಗೆರೆ ಸುಳ್ಳು, ಅಳತೆ ಸುಳ್ಳು, ಎರಡೂ ಸೇರಿದರೆ ನಿಜ. ಎಂಟು ವರ್ಷ ಹೀಗೇ ನಡೆಯಿತು. ಯಾವ ಕಾಗದದಲ್ಲೂ ಇದು ಇರಲಿಲ್ಲ.

ಎಂಜಿನಿಯರ್ ಹೊಸಬ. ಅವತ್ತು ಮಧ್ಯಾಹ್ನ ತನ್ನ ಉಪಕರಣದಲ್ಲಿ ನೋಡಿದಾಗ ಗೆರೆ ಅರ್ಧ ಮೀಟರ್ ತಪ್ಪಿದ್ದು ಕಂಡಿತು. ಕಂಡದ್ದು ಸರಿಯೇ. ಅಳಿಸಿದ, ಕೆಳಗೆ ಹೊಸ ಗೆರೆ ಎಳೆದ, ಅದೇ ಬಿಳಿ ಬಣ್ಣದಲ್ಲಿ. "ನಿಮ್ಮ ಆಪರೇಟರ್ ನಾಳೆ ಬಂದಾಗ ಹೇಳಿಬಿಡಿ, ಗೆರೆ ಸರಿ ಮಾಡಿದೀನಿ ಅಂತ" ಅಂದ.

"ಎಳೆದೋನು ನೀನು. ನೀನೇ ಹೇಳು" ಅಂದು ಮೇಸ್ತ್ರಿ ಬೆನ್ನು ತಿರುಗಿಸಿದ.

ಮೇಸ್ತ್ರಿ ಬಾಯಲ್ಲಿ ಹಾಗಂದರೂ ಹೇಳಿಯೇ ಹೇಳುತ್ತಾನೆ ಎಂದುಕೊಂಡ ಎಂಜಿನಿಯರ್. ಮೇಸ್ತ್ರಿ ಹೇಳಲಿಲ್ಲ. ಮಾರನೇ ದಿನ ಬೆಳಗ್ಗೆ ಗುಂಡಿಯ ಆ ಮೂಲೆಗೇ ಹೋಗದೆ, ಗೇಟಿನ ಹತ್ತಿರ ಕಬ್ಬಿಣ ಇಳಿಸುವವರ ಮೇಲೆ ಕೂಗಾಡುತ್ತ ನಿಂತ. ಒಳಗೊಂದು ಮಾತು ಕುದಿಯುತ್ತಿತ್ತು: ಒಂದು ಸಲ ತಪ್ಪಲಿ, ಆಗ ಗೊತ್ತಾಗುತ್ತದೆ ಯಾರ ಗೆರೆ ಸರಿ ಅಂತ. ಗೋಡೆ ಬಗ್ಗಲಿ ಎಂದು ಅವನು ಅಂದುಕೊಂಡಿರಲಿಲ್ಲ. ಒಂದೆರಡು ಬಕೆಟ್ ಹೆಚ್ಚಾಗಿ, ಎಂಜಿನಿಯರ್ ಓಡಿ ಬಂದು, ನಾಲ್ಕು ಜನರ ಮುಂದೆ ತಲೆ ಕೆರೆದುಕೊಳ್ಳಲಿ. ಅಷ್ಟು ಸಾಕಿತ್ತು ಅವನಿಗೆ.

ಚಮಚ ಬಂದ. ಗೆರೆ ನೋಡಿದ. ಎಂದಿನಂತೆ ಎರಡೂವರೆ ಮೀಟರ್ ಅಳೆದು, ಹನ್ನೆರಡು ಮೀಟರ್ ಉದ್ದಕ್ಕೂ ಮಧ್ಯಾಹ್ನದೊಳಗೆ ಚೊಕ್ಕವಾಗಿ ತೋಡಿ ಮುಗಿಸಿದ. ಆ ಜಾಗಕ್ಕೆ ಬರಬೇಕಾದ ತೊಲೆಯ ಲಾರಿ ಮೂರು ದಿನ ತಡವಾಯಿತು. ಅಡಿಯಲ್ಲಿ ಮೆತ್ತನೆಯ ಜೇಡಿ. ಗೋಡೆ ಎಷ್ಟು ಜರುಗಿತೆಂದು ತಿಳಿಯಲು ಅದರೊಳಗೆ ಇಳಿಸಿದ್ದ ಅಳತೆಯ ಕೊಳವೆ ಮೊದಲ ದಿನ ಹತ್ತೊಂಬತ್ತು ಮಿಲಿಮೀಟರ್ ತೋರಿಸಿತು, ಎರಡನೇ ದಿನ ಮೂವತ್ತೊಂದು, ಮೂರನೇ ದಿನ ನಲವತ್ತೆರಡು. ಇಪ್ಪತ್ತೈದು ದಾಟಿದರೆ ಕೆಲಸ ನಿಲ್ಲಿಸಬೇಕು ಎಂದು ನಿಯಮ. ಎರಡನೇ ದಿನವೇ ನಿಲ್ಲಿಸಿದರು. ಪಕ್ಕದ ಕಟ್ಟಡದ ಅಂಗಳದಲ್ಲಿ ಬೆರಳು ತೂರುವಷ್ಟು ಬಿರುಕು. ತೋಡಿದ ಮಣ್ಣನ್ನೇ ಮತ್ತೆ ತಂದು ಗೋಡೆಗೆ ಒತ್ತುಕೊಟ್ಟು ಸುರಿದರು. ಅದಕ್ಕೊಂದು ವಾರ. ವಿನ್ಯಾಸದವರು ಮತ್ತೆ ಲೆಕ್ಕ ಹಾಕಲು ಮೂರು ವಾರ. ಹೆಚ್ಚುವರಿ ತೊಲೆ ಮಾಡಿಸಿ ತರಲು ಮೂರು ವಾರ. ಆಮೇಲೆ ಸಣ್ಣಸಣ್ಣ ತುಂಡಾಗಿ ಮೆಲ್ಲಗೆ ತೋಡಿದ್ದಕ್ಕೆ ನಾಲ್ಕು. ಹದಿನಾಲ್ಕು ವಾರಕ್ಕೆ ಮುಗಿಯಬೇಕಿದ್ದದ್ದು ಇಪ್ಪತ್ತೈದಕ್ಕೆ ಮುಗಿಯಿತು.

ಗೋಡೆ ಜರುಗಿದ ಏಳನೇ ವಾರದ ಹೊತ್ತಿಗೆ ಎಂಜಿನಿಯರ್ ಬೇರೆ ಕಂಪನಿ ಸೇರಿ, ಫೋನ್ ನಂಬರ್ ಬದಲಾಯಿಸಿ, ಯಾರ ಕೈಗೂ ಸಿಗದಂತಾದ. ಗೆರೆ ಬದಲಿಸಿದ್ದನ್ನು ಅವನೂ ಎಲ್ಲೂ ಬರೆದಿರಲಿಲ್ಲ. ಅವತ್ತು ಕಂಡಿದ್ದ ನಾಲ್ವರೂ ಕೆಲಸ ನಿಂತಾಗಲೇ ಬೇರೆ ಬೇರೆ ಊರಿನ ಕೆಲಸಗಳಿಗೆ ಚದುರಿ ಹೋಗಿದ್ದರು.

ಇಷ್ಟಾದ ಮೇಲೆ ಕಂಪನಿಯ ದೊಡ್ಡವರು ಒಂದು ವರದಿ ಕೇಳಿದರು. ಈ ಕೆಲಸದಿಂದ ಕಲಿತ ಪಾಠಗಳೇನು, ಮುಂದಿನ ಗುಂಡಿಯಲ್ಲಿ ಹೀಗಾಗದಿರಲು ಏನು ಮಾಡಬೇಕು. ಬರೆಯಲು ಮುಖ್ಯ ಕಚೇರಿಯಿಂದ ಪ್ಲಾನಿಂಗ್ ವಿಭಾಗದ ಮೇಡಂ ಒಬ್ಬರು ಬಂದರು. ಸೈಟಿನ ತಗಡಿನ ಕ್ಯಾಬಿನ್ನಿನಲ್ಲಿ ಮೂರು ದಿನ ಕೂತು ಒಬ್ಬೊಬ್ಬರನ್ನೇ ಕರೆದರು. ಅವರು ಬರುವ ಮೊದಲೇ ಪ್ರಾಜೆಕ್ಟ್ ಮ್ಯಾನೇಜರ್ ಮೇಸ್ತ್ರಿಯನ್ನು ಲಾರಿ ಮರೆಗೆ ಕರೆದುಕೊಂಡು ಹೋದ.

"ನೋಡಿ ಮೇಸ್ತ್ರಿ, ಆಪರೇಟರ್ ಗುರುತು ಮೀರಿ ಅಗೆದ. ಅಷ್ಟೇ ಕಥೆ. ಬೇರೆ ಪುರಾಣ ಬೇಡ."

"ಅವನು ಸುಮ್ಮಸುಮ್ನೆ ಮೀರೋನಲ್ಲ ಸಾರ್."

"ನಿಮ್ಮ ಭಾಮೈದ ಅಂತ ಗೊತ್ತು. ಆದರೆ ಅವನು ಬಾಡಿಗೆ ಯಂತ್ರದವನು. ತಪ್ಪು ಅವನದಾದ್ರೆ ಹೊರಗಿನೋರದ್ದು. ಗೆರೆ ಹಾಕೋ ರೀತೀನೇ ತಪ್ಪು ಅಂದ್ರೆ, ಅದು ಕಂಪನೀದು. ನಮ್ಮ ಎಲ್ಲ ಸೈಟಿಗೂ ಅಂಟುತ್ತೆ. ನಿಮಗೂ ಅಂಟುತ್ತೆ, ನನಗೂ ಅಂಟುತ್ತೆ." ಮ್ಯಾನೇಜರ್ ಮೇಸ್ತ್ರಿಯ ಭುಜ ತಟ್ಟಿದ. "ಕೋಪ ಮಾತ್ರ ಮಾಡ್ಕೋಬೇಡಿ."

ಕೋಪ ಮಾಡಿಕೊಳ್ಳಬೇಡ ಅಂದರೆ ಮೇಸ್ತ್ರಿಗೆ ಬರುವ ಕೋಪವೇ ಬೇರೆ. ಆದರೆ ಅವತ್ತು ಹೆಲ್ಮೆಟ್ ತಲೆಯ ಮೇಲೆಯೇ ಉಳಿಯಿತು.

ಮನೆಯಲ್ಲಿ ಇನ್ನೊಂದು ಗೋಡೆ. ಬೂಟು ಬಿಚ್ಚುವ ಮೊದಲೇ ಹೆಂಡತಿ ಕೇಳಿದಳು.

"ವರದಿ ಬರೀತಾರಂತೆ? ತಮ್ಮ ಹೇಳ್ದ."

"ಬರೀಲಿ."

"ಅದರಲ್ಲಿ ಅವನ ಹೆಸರು ಬಂದ್ರೆ ಇನ್ನು ಯಾವ ದೊಡ್ಡ ಗುಂಡಿಗೂ ಅವನನ್ನ ಕರೆಯಲ್ವಂತೆ, ನಿಜಾನಾ?"

"ಕಂಪನಿ ಕಪ್ಪುಪಟ್ಟೀಲಿ ಹಾಕ್ತಾರೆ. ಆ ಪಟ್ಟಿ ಬೇರೆ ಕಂಪನಿಯೋರೂ ನೋಡ್ತಾರೆ."

"ನೀವಿದೀರಲ್ಲ ಅಂತ ನಾನೇ ಧೈರ್ಯ ಹೇಳಿದೀನಿ ಕಣ್ರೀ. ಭಾವ ನಿನ್ನನ್ನ ಕೈ ಬಿಡಲ್ಲ ಅಂದೆ."

"ಏನಂದ ಅವನು?"

"ಏನಂತಾನೆ! ನಕ್ಕ. ಭಾವನಿಗೇ ಕಷ್ಟ ಆಗೋದು ಬೇಡಕ್ಕಾ, ಗೆರೆ ಗುಟ್ಟು ನಾನು ಯಾರ ಮುಂದೇನೂ ಬಾಯಿ ಬಿಟ್ಟಿಲ್ಲ ಅಂದ. ಏನ್ರೀ ಅದು ಗೆರೆ ಗುಟ್ಟು?"

"ನಿನಗೆ ಅರ್ಥ ಆಗಲ್ಲ."

"ಮಣ್ಣು ತೋಡೋದು ಅರ್ಥ ಆಗದೇ ಇಪ್ಪತ್ತೆರಡು ವರ್ಷ ನಿಮ್ಮ ಬಟ್ಟೆ ಒಗೆದಿದೀನಾ?"

ಮೇಸ್ತ್ರಿ ಬಚ್ಚಲಿಗೆ ಹೋಗಿ ಕಾಲು ತೊಳೆದ. ಎಷ್ಟು ತೊಳೆದರೂ ಉಗುರಿನ ಸಂದಿಯ ಜೇಡಿ ಹೋಗುವುದಿಲ್ಲ. ಹೇಳಿದರೆ ತಾನು ಮುಳುಗುತ್ತಾನೆ, ಹೇಳದಿದ್ದರೆ ಭಾಮೈದ. ಗುಂಡಿಗಾದರೆ ಏಣಿ ಇರುತ್ತದೆ.

ಮೂರನೇ ದಿನ ಮೇಡಂ ಅವನನ್ನು ಕರೆದರು. ಮೇಜಿನ ಮೇಲೆ ಗುಂಡಿಯ ನಕ್ಷೆ, ಅಳತೆಯ ಹಾಳೆಗಳು, ಅರ್ಧ ಕುಡಿದ ಟೀ.

"ಕೂತ್ಕೊಳ್ಳಿ ಮೇಸ್ತ್ರಿ. ಈ ವರದೀಲಿ ಒಂದು ಪದ್ಧತಿ ಇದೆ. ಯಾಕೆ ಯಾಕೆ ಅಂತ ಐದು ಸಲ ಕೇಳ್ಬೇಕು. ಆಗ ಮೂಲಕಾರಣ ಸಿಗುತ್ತೆ ಅಂತ."

"ನಮ್ಮನೇಲಿ ಐವತ್ತು ಸಲ ಕೇಳ್ತಾಳೆ ಮೇಡಂ. ಇನ್ನೂ ಸಿಕ್ಕಿಲ್ಲ."

ಮೇಡಂ ನಕ್ಕರು. ಆದರೆ ಪೆನ್ನು ಕೆಳಗಿಡಲಿಲ್ಲ. "ಕೆಲಸ ಯಾಕೆ ತಡ ಆಯ್ತು? ಗೋಡೆ ಜರುಗಿತು. ಯಾಕೆ ಜರುಗಿತು? ತೊಲೆ ಕೂರೋ ಮೊದಲು ಅರ್ಧ ಮೀಟರ್ ಹೆಚ್ಚು ಅಗೆದರು, ಜೊತೆಗೆ ತೊಲೆ ಮೂರು ದಿನ ತಡ. ಯಾಕೆ ಹೆಚ್ಚು ಅಗೆದರು? ಆಪರೇಟರ್ ಅಜಾಗರೂಕತೆ ಅಂತ ಎಲ್ಲರೂ ಹೇಳ್ತಿದಾರೆ. ನನಗೆ ಇಲ್ಲೇ ಗಂಟಲಲ್ಲಿ ಸಿಕ್ಕಿಕೊಂಡಿದೆ." ಅವರು ಒಂದು ಹಾಳೆ ತಿರುಗಿಸಿ ಅವನ ಮುಂದಿಟ್ಟರು. "ಇದು ಗೋಡೆ ಜರುಗಿದ ಮೇಲೆ, ಮಣ್ಣು ಸುರಿಯೋ ಮೊದಲು ತಳ ಅಳೆದ ಹಾಳೆ. ಹನ್ನೆರಡು ಮೀಟರ್ ಉದ್ದಕ್ಕೂ ಎಷ್ಟೆಷ್ಟು ಹೆಚ್ಚು ಅಗೆದಿದಾನೆ ನೋಡಿ. ನಲವತ್ತೊಂಬತ್ತು ಸೆಂಟಿಮೀಟರ್, ಐವತ್ತು, ಐವತ್ತು, ಐವತ್ತೊಂದು, ಐವತ್ತು. ಅಜಾಗರೂಕತೇಲಿ ಅಗೆದೋನ ತಳ ಹೀಗಿರುತ್ತಾ? ಒಂದು ಕಡೆ ಇಪ್ಪತ್ತು, ಒಂದು ಕಡೆ ಎಂಬತ್ತು ಇರಬೇಕಿತ್ತು. ಇವನು ಅಳೆದು ಅಗೆದಿದಾನೆ. ಅರ್ಧ ಮೀಟರ್ ಹೆಚ್ಚು ಅಗೀಬೇಕು ಅಂತಲೇ ಅಗೆದಿದಾನೆ. ಯಾಕೆ?"

ಮೇಸ್ತ್ರಿ ಆ ಹಾಳೆಯನ್ನೇ ನೋಡುತ್ತ ಕೂತ. ಚಮಚನ ಕೈಬರಹ ಇದ್ದರೆ ಹೀಗೇ ಇರುತ್ತಿತ್ತೇನೋ. ಒಂದು ಸೆಂಟಿಮೀಟರಿಗಿಂತ ಹೆಚ್ಚು ಆಚೀಚೆ ಇಲ್ಲ. ಇಂಥ ಕೆಲಸಗಾರನನ್ನು ಅಜಾಗರೂಕ ಅನ್ನುತ್ತಾರಲ್ಲ ಎಂದು ಸಿಟ್ಟು ಏರಿತು. ಮೇಜು ಗುದ್ದಿದ. ಟೀ ಲೋಟ ಎಗರಿತು.

"ಯಾವ ಬಡ್ಡೀಮಗ ಹೇಳ್ದ ಅವನು ಅಜಾಗರೂಕ ಅಂತ? ಅವನ ಕಾಲಿನ ಧೂಳಿಗೂ ಸಮ ಇಲ್ಲ ಇವರು! ಗೆರೆ ಮೇಡಂ, ಗೆರೆ! ನಾನು ಯಾವತ್ತೂ ಗೆರೇನ ಅರ್ಧ ಮೀಟರ್ ಮೇಲೇನೇ ಹಾಕೋದು. ಅದು ಅವನಿಗೆ ಗೊತ್ತು. ಅದಕ್ಕೇ ಅರ್ಧ ಮೀಟರ್ ಸೇರಿಸಿ ಅಗೀತಾನೆ. ಎಂಟು ವರ್ಷದಿಂದ. ಆ ಎಂಜಿನಿಯರ್ ಬಂದು ಗೆರೇನ ಕೆಳಗಿಳಿಸಿದ. ಇವನು ಪಾಪ ಅದೇ ಲೆಕ್ಕದಲ್ಲಿ ತೋಡಿದ!"

ಮೇಡಂ ಚೆಲ್ಲಿದ ಟೀಯನ್ನು ಒರೆಸಲೂ ಇಲ್ಲ. ಸರಸರ ಬರೆದುಕೊಂಡರು. ಮೇಸ್ತ್ರಿಯ ಎದೆ ಹಗುರಾಯಿತು. ಸತ್ಯ ಹೇಳುವುದು ಇಷ್ಟು ಸುಲಭವಿತ್ತೇ ಅನ್ನಿಸಿತು.

"ಸರಿ. ನಾಲ್ಕನೇ ಯಾಕೆ ಸಿಕ್ತು. ಈಗ ಐದನೇದು," ಅಂದರು ಮೇಡಂ. "ಗೆರೆ ಬದಲಾಗಿದ್ದು ಆಪರೇಟರ್‌ಗೆ ಯಾಕೆ ಗೊತ್ತಾಗಲಿಲ್ಲ? ಎಂಜಿನಿಯರ್ ನಿಮಗೆ ಹೇಳಿದ್ರಾ?"

ಅರ್ಧ ಹೇಳಿದವನು ಪೂರ್ತಿ ಹೇಳಬೇಕಾಗುತ್ತದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ. ಹೇಳಿದ ಮೇಡಂ, ನನಗೆ ಹೇಳಿದ, ನಾನು ಸಿಟ್ಟಿಗೆ ನನ್ನ ಹೆಂಡತಿಯ ತಮ್ಮನಿಗೇ ಹೇಳದೆ ಬಿಟ್ಟೆ. ಇಷ್ಟೇ ಮಾತು. ನಾಲಿಗೆಯ ಮೇಲೆ ಬಂದು ಕೂತಿತು.

"ಇಲ್ಲ" ಅಂದ.

"ಹೇಳಲಿಲ್ಲವಾ?"

"ಇಲ್ಲ ಅಂದ್ನಲ್ಲ."

ಮೇಡಂ ಅದನ್ನೂ ಬರೆದುಕೊಂಡರು.

ವಾರದ ನಂತರ ಮುಖ್ಯ ಕಚೇರಿಯಲ್ಲಿ ಸಭೆ. ಉದ್ದ ಮೇಜು, ತಣ್ಣನೆಯ ಕೋಣೆ, ಕೆಳಗೆ ಟ್ರಾಫಿಕ್ಕಿನ ಸದ್ದೇ ಕೇಳದ ಗಾಜಿನ ಕಿಟಕಿ. ಬೇಕಾದರೆ ಕೇಳೋಣವೆಂದು ಮೇಸ್ತ್ರಿಯನ್ನೂ ಕರೆಸಿ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಒಗೆದ ಅಂಗಿ ಹಾಕಿಕೊಂಡು, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ. ಮೇಡಂ ಗಟ್ಟಿ ಹೆಂಗಸು. ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ವರದಿಗೆ ಹಾಕಿದ್ದರು: ಬರಹದಲ್ಲಿ ಇಲ್ಲದ ರೂಢಿಯೊಂದರಿಂದ ಗುರುತು ಹಾಕಲಾಗುತ್ತಿತ್ತು, ಗುರುತನ್ನು ದಾಖಲೆ ಇಲ್ಲದೆ ಬದಲಿಸಲಾಯಿತು, ಆಪರೇಟರ್ ಹಳೆಯ ರೂಢಿಯಂತೆ ಅಗೆದ. ಆಪರೇಟರ್‌ನನ್ನು ಹೊಣೆ ಮಾಡುವುದು ಸರಿಯಲ್ಲ ಎಂದೂ ಇತ್ತು.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ. "ಸರ್, ಗುರುತು ಬದಲಾಯ್ತು ಅನ್ನೋಕೆ ದಾಖಲೆ ಎಲ್ಲಿದೆ? ಸೈಟ್ ಡೈರೀಲಿ ಇಲ್ಲ. ಫೋಟೋ ಇಲ್ಲ. ಆ ಗೋಡೆ ಮೇಲೆ ಈಗ ಕಾಂಕ್ರೀಟ್ ಬಿದ್ದಿದೆ. ಎಂಜಿನಿಯರ್ ಸಿಗ್ತಿಲ್ಲ. ಇಲ್ಲದೋರ ಮೇಲೆ ಬರೆಯೋದು ಹೇಗೆ?"

"ಮೇಸ್ತ್ರಿ ಹೇಳಿದಾರಲ್ಲ" ಅಂದರು ಮೇಡಂ.

"ಮೇಸ್ತ್ರಿ ತನಗೆ ಎಂಜಿನಿಯರ್ ಏನೂ ಹೇಳಲಿಲ್ಲ ಅಂತಾರೆ. ಅದೂ ವರದೀಲೇ ಇದೆ. ಹೇಳದೇ ಇದ್ದರೆ ಇವರಿಗೆ ಹೇಗೆ ಗೊತ್ತು?"

ಮೇಜಿನ ತುದಿಯಲ್ಲಿದ್ದ ದೊಡ್ಡ ಸಾಹೇಬರು ಕನ್ನಡಕ ತೆಗೆದು ಮೇಸ್ತ್ರಿಯ ಕಡೆ ತಿರುಗಿದರು. ಒರಟಾಗಿ ಮಾತಾಡುವವರಲ್ಲ. "ಮೇಸ್ತ್ರಿ, ನಿಮ್ಮ ಬಗ್ಗೆ ಕೇಳಿದೀನಿ. ಗೆರೆ ಬದಲಾಯಿಸಿದ್ದನ್ನ ನೀವು ಕಣ್ಣಾರೆ ಕಂಡ್ರಾ? ಕಂಡಿದ್ರೆ ಹೇಳಿ. ನಿಮ್ಮ ಮಾತು ಸಾಕು ನನಗೆ, ಕಾಗದ ಬೇಡ."

ಇಡೀ ಕೋಣೆ ಅವನನ್ನು ನೋಡಿತು. ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ಕಂಡೆ ಅಂದರೆ ಮುಂದಿನ ಪ್ರಶ್ನೆ ಬಾಗಿಲಲ್ಲೇ ನಿಂತಿದೆ: ಕಂಡವನು ಆಪರೇಟರ್‌ಗೆ ಯಾಕೆ ಹೇಳಲಿಲ್ಲ? ಅದಕ್ಕೆ ಉತ್ತರ ಒಂದೇ. ಆ ಉತ್ತರ ಈ ಕೋಣೆಯಿಂದ ಸೈಟಿಗೆ ಹೋಗುತ್ತದೆ, ಸೈಟಿನಿಂದ ಮನೆಗೆ. ಹನ್ನೊಂದು ವಾರ, ಅಷ್ಟು ಜನರ ಬೆವರು, ಪಕ್ಕದವರ ಅಂಗಳದ ಬಿರುಕು, ಎಲ್ಲಾ ಒಬ್ಬ ಗಂಡಸಿನ ಮೂಗಿನ ತುದಿಯ ಕೋಪಕ್ಕೆ. ಮೇಸ್ತ್ರಿ ಕಿಟಕಿಯ ಕಡೆ ನೋಡಿದ. ಈ ಹಾಳು ಕಿಟಕಿ ತೆಗೆಯುವಂತೆಯೂ ಇರಲಿಲ್ಲ.

"ಆಮೇಲೆ ಅಂದಾಜಾಯ್ತು ಸರ್" ಅಂದ.

"ಅಂದಾಜು" ಅಂದರು ಸಾಹೇಬರು. ಕನ್ನಡಕ ಹಾಕಿಕೊಂಡರು. ಮೇಡಂ ಮೇಸ್ತ್ರಿಯನ್ನು ಒಂದು ಕ್ಷಣ ದಿಟ್ಟಿಸಿ ನೋಡಿ ತಲೆ ತಗ್ಗಿಸಿದರು. ಅವರಿಗೆ ಐದನೇ ಯಾಕೆಯ ಉತ್ತರ ಆಗ ತಿಳಿಯಿತೆಂದು ಮೇಸ್ತ್ರಿ ಈಗಲೂ ನಂಬಿದ್ದಾನೆ.

ಅಂದಾಜಿನ ಮಾತುಗಳೆಲ್ಲ ವರದಿಯಿಂದ ಹೊರಬಿದ್ದವು. ಉಳಿದದ್ದು, ಆಪರೇಟರ್ ನಿಗದಿತ ಮಟ್ಟಕ್ಕಿಂತ ಅರ್ಧ ಮೀಟರ್ ಹೆಚ್ಚು ಅಗೆದ, ತೊಲೆ ಮೂರು ದಿನ ತಡವಾಗಿ ಬಂತು ಎಂಬೆರಡೇ ಕಾರಣ. ಆದರೆ ಪಾಠದ ಪಟ್ಟಿ ಮಾತ್ರ ಮೇಡಂ ಬರೆದಂತೆಯೇ ಉಳಿಯಿತು. ಮಟ್ಟದ ಗುರುತನ್ನು ಸರ್ವೇಯರ್ ಮಾತ್ರ ಹಾಕಬೇಕು. ಬದಲಿಸಿದರೆ ಹಳದಿ ಚೀಟಿ ಬರೆದು, ಅಗೆಯುವವನ ಸಹಿ ಪಡೆದ ಮೇಲೆಯೇ ಯಂತ್ರ ಶುರು. ತೊಲೆ ಸೈಟಿಗೆ ಬಂದಿಳಿಯದೆ ಆ ಹಂತದ ಅಗೆತ ಶುರುವಿಲ್ಲ. ಒಳ್ಳೆಯ ಪಾಠಗಳೇ. ಮುಂದಿನ ಎರಡು ಗುಂಡಿ ಹೇಳಿದ ವಾರಕ್ಕೇ ಮುಗಿದವು. ಹೊಸ ಸೈಟಿನಲ್ಲಿ ಆಪರೇಟರ್‌ಗಳಿಗೆ ಹಳದಿ ಚೀಟಿ ತೋರಿಸಿ ವಿವರಿಸುವ ಕೆಲಸವನ್ನು ಕಂಪನಿ ಮೇಸ್ತ್ರಿಗೇ ಒಪ್ಪಿಸಿತು. "ಚೀಟಿ ಇಲ್ದೆ ಬಕೆಟ್ ಎತ್ತಿದ್ರೆ ಕೈ ಮುರೀತೀನಿ" ಎಂದು ಅವನು ಕೂಗಿದರೆ ಎಲ್ಲರೂ ಕೇಳುತ್ತಾರೆ.

ಚಮಚನ ಹೆಸರು ಕಪ್ಪುಪಟ್ಟಿಗೆ ಹೋಯಿತು. ಯಂತ್ರದ ಮಾಲೀಕ ಅವನನ್ನು ಇಳಿಸಿ ಬೇರೆಯವನನ್ನು ಕೂರಿಸಿದ. ಈಗ ಅವನು ಊರಾಚೆ ಜಲ್ಲಿ ಮಾರುವ ಅಂಗಳದಲ್ಲಿ, ದಿನವಿಡೀ ಒಂದು ಗುಡ್ಡೆಯಿಂದ ಲಾರಿಗೆ, ಇನ್ನೊಂದು ಗುಡ್ಡೆಯಿಂದ ಲಾರಿಗೆ ತುಂಬುತ್ತಾನೆ. ಅಲ್ಲಿ ಗೆರೆಯೂ ಇಲ್ಲ, ಅಳತೆಯೂ ಇಲ್ಲ.

ಒಂದು ಭಾನುವಾರ ಬೆಳಗ್ಗೆ ಮೇಸ್ತ್ರಿ ಅವನ ಮನೆಗೆ ಹೋದ. ಹೇಳಿಯೇ ಬರುತ್ತೇನೆಂದು ನಿಶ್ಚಯಿಸಿಕೊಂಡು, ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ತಿರುಗಿಸುತ್ತ ಹೋದ. ಚಮಚ ಬಾಗಿಲಲ್ಲಿ ಕೂತು ನೀರಿನ ಬಕೆಟ್ಟಿನ ಹಿಡಿ ರಿಪೇರಿ ಮಾಡುತ್ತಿದ್ದ.

"ಬಾ ಭಾವ. ಏನು, ದೊಡ್ಡ ಮೇಷ್ಟ್ರಾಗಿಬಿಟ್ಟೆಯಂತೆ? ಚೀಟಿ ಪಾಠ ಹೇಳ್ಕೊಡ್ತೀಯಂತೆ?"

"ಸುಮ್ನಿರೋ."

"ನಾಲ್ಕನೇ ಕ್ಲಾಸ್ ಮೇಷ್ಟ್ರು!" ಚಮಚ ಮನಸಾರೆ ನಕ್ಕ. ಒಳಗಿನಿಂದ ಅವನ ಹೆಂಡತಿ ಎರಡು ಲೋಟ ಟೀ ತಂದಿಟ್ಟು ಹೋದಳು. ಮೊದಲಾಗಿದ್ದರೆ ನಿಂತು ನಾಲ್ಕು ಮಾತಾಡುತ್ತಿದ್ದಳು.

ಮೇಸ್ತ್ರಿ ಲೋಟ ಹಿಡಿದುಕೊಂಡ. "ಕೇಳು, ಆವತ್ತಿನ ಆ ಗೆರೆ ವಿಷಯ..."

"ಅದನ್ನ ಬಿಡು ಭಾವ" ಅಂದ ಚಮಚ, ಹಿಡಿಗೆ ತಂತಿ ಬಿಗಿಯುತ್ತ. "ನಮ್ಮಕ್ಕ ಎಲ್ಲಾ ಹೇಳಿದಾಳೆ. ಮೇಡಂ ಮುಂದೆ ಮೇಜು ಗುದ್ದಿ ನನ್ನ ಪರ ಮಾತಾಡಿದೆಯಂತೆ. ನಿನ್ನ ತಲೆ ಮೇಲೇ ಬರುತ್ತೆ ಅಂತ ಗೊತ್ತಿದ್ದೂ ಗುಟ್ಟು ಹೇಳಿದೆಯಂತೆ. ಇನ್ನೇನು ಮಾಡ್ಬೇಕು ಒಬ್ಬ ಮನುಷ್ಯ? ಆ ಬಡ್ಡೀಮಗ ನಿನಗೂ ಹೇಳದೆ ಗೆರೆ ಬದಲಾಯಿಸಿದ. ನಿನಗೆ ಗೊತ್ತಿದ್ದಿದ್ರೆ ಓಡಿ ಬಂದು ನನಗೆ ಹೇಳ್ತಿರಲಿಲ್ವಾ?"

ತಂತಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತಿರುಚುತ್ತ, ಉತ್ತರಕ್ಕಾಗಿ ಕಣ್ಣೆತ್ತಿ ನೋಡಿದ.

"ಹೇಳ್ತಿದ್ದೆ" ಅಂದ ಮೇಸ್ತ್ರಿ.

"ಮತ್ತೆ! ಕುಡಿ, ಆರಿಹೋಗುತ್ತೆ."

ಮೇಸ್ತ್ರಿ ಟೀ ಕುಡಿದ. ಆಮೇಲೆ ಎಷ್ಟೋ ಭಾನುವಾರ ಬಂದವು. ಚಮಚನ ಮಗಳ ಮದುವೆಯಲ್ಲಿ ಮೇಸ್ತ್ರಿ ಮೂರು ದಿನ ನಿಂತು ದುಡಿದ, ಅವನ ಮನೆಯ ಹಿಂದಿನ ಗೋಡೆ ಬಿದ್ದಾಗ ತಾನೇ ನಿಂತು ಕಟ್ಟಿಸಿದ. ಭಾವ ಅಂದರೆ ಹೀಗಿರಬೇಕು ಎಂದು ಚಮಚ ಕಂಡವರಿಗೆಲ್ಲ ಹೇಳುತ್ತಾನೆ. ಎದುರಿಗೇ ಹೇಳಿದಾಗ ಮೇಸ್ತ್ರಿಗೆ ಸಿಟ್ಟು ಬರುತ್ತದೆ, ಎದ್ದು ಹೊರಗೆ ಹೋಗುತ್ತಾನೆ. ಆ ಒಂದು ಮಾತನ್ನು ಮಾತ್ರ ಅವನು ಇವತ್ತಿಗೂ ಹೇಳಿಲ್ಲ.